ನಾಲ್ಕು ಬೆರಳಿನ ಲಾಂಛನ

ಪಡುಗಡಲು ಕಬಡ್ಡಿ ಬಳಗದ ಲಾಂಛನವನ್ನು ಪಂದ್ಯಾವಳಿಯವರು ವಾಪಸ್ ಕಳಿಸಿದ ದಿನ ಅಧ್ಯಕ್ಷ ಮೋಹನದಾಸರು ತಮ್ಮ ಐರೋಲಿಯ ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕೂತು ಬಂದವರ ಮೇಲೆಲ್ಲ ಹರಿಹಾಯ್ದರು. ಸಾಂಬಾರು ತಣ್ಣಗಿದೆ ಎಂದ ಗಿರಾಕಿಗೆ ಬೇರೆ ಹೋಟೆಲಿನ ದಾರಿ ತೋರಿಸಿದರು. ಸಿಟ್ಟು ಸಾಂಬಾರಿನದಲ್ಲ. ಫೋನಿನಲ್ಲಿ ಬಂದ ಎರಡು ಸಾಲಿನದು: ಮೊಬೈಲಿನಲ್ಲಿ ಅಂಕ ತೋರಿಸುವಾಗ ತಂಡದ ಹೆಸರಿನ ಪಕ್ಕ ಲಾಂಛನ ಬಟಾಣಿಯಷ್ಟು ಕಾಣುತ್ತದೆ, ನಿಮ್ಮದು ಏನೆಂದು ತಿಳಿಯುತ್ತಿಲ್ಲ, ಹದಿನೈದು ದಿನದೊಳಗೆ ಸ್ಪಷ್ಟವಾದದ್ದನ್ನು ಕಳಿಸಿ.

ತಿಳಿಯುತ್ತಿಲ್ಲವಂತೆ! ಆ ಲಾಂಛನವನ್ನು ತೊಂಬತ್ತೊಂದನೆಯ ಇಸವಿಯಲ್ಲಿ ಸ್ವತಃ ಮೋಹನದಾಸರೇ ಬಿಡಿಸಿದ್ದರು. ಅದರಲ್ಲಿ ಇಲ್ಲದ್ದೇನು? ಉದಯಿಸುವ ಸೂರ್ಯ, ಅಲೆ, ದೋಣಿ, ತೆಂಗಿನಮರ, ಕಾಲುದೀಪ, ಯಕ್ಷಗಾನದ ಕಿರೀಟ, ಕಾಲು ಹಿಡಿದುಕೊಂಡ ಇಬ್ಬರು ಆಟಗಾರರು, ತೆರೆದ ಪುಸ್ತಕ. ಬಳಗದಲ್ಲಿ ಯಾರೂ ಪುಸ್ತಕ ತೆರೆದವರಲ್ಲ, ಆದರೆ ಆಗಿನ ಖಜಾಂಚಿಗೆ ಪುಸ್ತಕ ಬೇಕಿತ್ತು. ಸಮಿತಿಯ ಒಬ್ಬೊಬ್ಬರಿಗೂ ಒಂದೊಂದು ಸಾಮಾನು ಬೇಕಿತ್ತು, ಮೋಹನದಾಸರು ಯಾರಿಗೂ ಇಲ್ಲ ಎನ್ನಲಿಲ್ಲ. ಸುತ್ತ ಇಪ್ಪತ್ತೆರಡು ಅಕ್ಷರದ ಧ್ಯೇಯವಾಕ್ಯ. ಇವೆಲ್ಲದರ ನಡುವೆ, ಸೂರ್ಯನ ಕಿರಣಗಳ ಗೊಂದಲದಲ್ಲಿ, ಒಂದು ಚಿಕ್ಕ ಅಂಗೈ.

ಆ ಅಂಗೈಗೆ ನಾಲ್ಕೇ ಬೆರಳು. ಇದು ತಮಗೊಬ್ಬರಿಗೇ ಗೊತ್ತು ಎಂದು ಮೋಹನದಾಸರು ತಿಳಿದಿದ್ದರು.

ಅದು ಬೂಬನ ಕೈ. ಠಾಣೆ ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಮೋಹನದಾಸರು ಮ್ಯಾನೇಜರಾಗಿದ್ದಾಗ ಬೂಬ ಅಲ್ಲಿ ಹಿಟ್ಟು ರುಬ್ಬುವ ಕೆಲಸದಲ್ಲಿದ್ದ. ಬಳಗದ ಮೊದಲ ರೈಡರ್ ಅವನೇ. ಒಂದು ಬೆಳಿಗ್ಗೆ ಗ್ರೈಂಡರು ನಿಲ್ಲಿಸಿ ಕಲ್ಲಿನ ಸಂದಿಗೆ ಅಂಟಿದ ಹಿಟ್ಟು ತೆಗೆಯುತ್ತಿದ್ದಾಗ, ಗೋಡೆಯ ಆಚೆ ಇದ್ದ ಸ್ವಿಚ್ಚನ್ನು ಮೋಹನದಾಸರು ಹಾಕಿದರು. ಮೊದಲ ಶಿಫ್ಟಿಗೆ ಇಡ್ಲಿ ತಡವಾಗುತ್ತದೆಂಬ ಅವಸರ. ಬಲಗೈಯ ಕಿರುಬೆರಳು ಹೋಯಿತು. ಆಸ್ಪತ್ರೆಯಲ್ಲೂ ಕಾರ್ಖಾನೆಯಲ್ಲೂ ಅವರು ಹೇಳಿದ್ದು ಒಂದೇ ಮಾತು, ಬೂಬ ನಿದ್ದೆಗಣ್ಣಿನಲ್ಲಿ ಓಡುವ ಯಂತ್ರಕ್ಕೆ ಕೈ ಹಾಕಿದ. ಬೂಬ ತಿರುಗಿ ಮಾತಾಡಲಿಲ್ಲ. ಮರುವರ್ಷ ಅದೇ ಕೈಯಲ್ಲಿ ನಡುಗೆರೆ ಮುಟ್ಟಿ ಬಳಗಕ್ಕೆ ಮೊದಲ ಕಪ್ ತಂದ. ಆಗ ಮೋಹನದಾಸರು ಲಾಂಛನ ಬಿಡಿಸಿದರು, ಕೈಗೆ ನಾಲ್ಕು ಬೆರಳು ಇಟ್ಟರು, ಮತ್ತು ಯಾರೂ ಎಣಿಸದ ಹಾಗೆ ಅದರ ಸುತ್ತ ಊರಿನ ಸಾಮಾನನ್ನೆಲ್ಲ ತುಂಬಿದರು. ಅವರ ಲೆಕ್ಕದಲ್ಲಿ ಅದು ಪ್ರಾಯಶ್ಚಿತ್ತ. ಬಳಗದ ವಾಡಿಕೆಯಂತೆ ಮಹಾಸಭೆಯಲ್ಲಿ ಅಧ್ಯಕ್ಷರು ಲಾಂಛನದ ಅರ್ಥವಿವರಣೆಯನ್ನು ಗಟ್ಟಿಯಾಗಿ ಓದಬೇಕು. ಅಂಗೈಯ ಸಾಲಿಗೆ ಬಂದಾಗ ಅವರು ‘ಅಭಯಹಸ್ತ’ ಎಂದು ಓದಿ ಮುಂದೆ ಹೋಗುತ್ತಿದ್ದರು. ಈಗ ಬೂಬ ಸತ್ತು ಎರಡು ವರ್ಷವಾಗಿತ್ತು.

ಕಾರ್ಯದರ್ಶಿ ಲತೀಶ್ ಐರೋಲಿಯ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವವನು, ಕೆಲಸ ಬೇಗ ಮುಗಿಸುವ ಚಟದವನು. ಭಾನುವಾರ ಹೋಟೆಲಿನ ಮಾಳಿಗೆಯಲ್ಲಿ ಸಮಿತಿ ಕೂತಾಗ ಅವನು ವರ್ತಕ ನಗರದ ಕಸೂತಿ ಅಂಗಡಿಯಿಂದ ಒಬ್ಬ ಹುಡುಗಿಯನ್ನು ಕರೆತಂದ. ನಮ್ಮ ಜರ್ಸಿ ಹೊಲಿಯುವ ಅಂಗಡಿ, ಲಾಂಛನ ಮಾಡುವುದರಲ್ಲಿ ಇವಳದು ಒಳ್ಳೆಯ ಕೈ ಎಂದು ಪರಿಚಯಿಸಿದ. ಹೆಸರು ಪ್ರೇಕ್ಷಾ. ಗಲ್ಲ, ಹುಬ್ಬು, ನಿಲ್ಲುವ ರೀತಿ ಎಲ್ಲ ಬೂಬನದೇ. ಬೂಬನ ಮಗಳೆಂದು ಮೋಹನದಾಸರಿಗೆ ತಿಳಿಯಿತು. ಕೂತುಕೋ ಮಗಾ ಎಂದರು. ಅವಳು ನಿಂತೇ ಇದ್ದಳು.

"ಇದು ಏನು, ಹೇಳಿ ಅಧ್ಯಕ್ಷರೇ," ಎಂದು ಒಂದು ಚೂರು ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

ಹದಿನಾರು ಮಿಲಿಮೀಟರಿನ ಒಂದು ದುಂಡು ಕಸೂತಿ. ಹಳೆಯ ಲಾಂಛನವನ್ನೇ ಟೋಪಿಗೆ ಹಾಕುವ ಅಳತೆಗೆ ಇಳಿಸಿ ಹೊಲಿದಿದ್ದಳು. ಬಟ್ಟೆ ಸುತ್ತಲೂ ಸುಕ್ಕುಗಟ್ಟಿತ್ತು, ನಡುವೆ ದಾರ ದಾರದ ಮೇಲೆ ಏರಿ ಗಟ್ಟಿಯಾಗಿತ್ತು. ಕೈಯಿಂದ ಕೈಗೆ ದಾಟಿತು. ಕರಿದ ಉದ್ದಿನ ವಡೆ ಎಂದರು ಒಬ್ಬರು. ಉಪಾಧ್ಯಕ್ಷ ಪುಂಡರೀಕಾಕ್ಷರು, ಪೂಜೆ ಪುನಸ್ಕಾರಕ್ಕೆ ಬಳಗದಲ್ಲಿ ಅವರೇ ಅಂತಿಮ, ಕನ್ನಡಕ ಏರಿಸಿ ಇಳಿಸಿ ಮುಖ ಸಿಂಡರಿಸಿದರು. ಮೋಹನದಾಸರು ಮಾತ್ರ ಬಟ್ಟೆಯ ಮೇಲೆ ಬೆರಳಿಟ್ಟು ಇದು ಸೂರ್ಯ, ಇದು ದೋಣಿ, ಇದು ದೀಪ ಎಂದು ಒಂದೊಂದನ್ನೂ ತೋರಿಸಿದರು.

ದೀಪವನ್ನು ನಾನು ಹೊಲಿದೇ ಇಲ್ಲ, ಜಾಗ ಸಾಲಲಿಲ್ಲ ಎಂದು ಬಿಟ್ಟಿದ್ದೇನೆ ಎಂದಳು ಪ್ರೇಕ್ಷಾ.

ಸಮಿತಿ ನಕ್ಕಿತು. ಮೂವತ್ತು ವರ್ಷದಲ್ಲಿ ಮೋಹನದಾಸರ ಎದುರು ಯಾರೂ ಹಾಗೆ ನಕ್ಕಿರಲಿಲ್ಲ. ಅವರಿಗೆ ಮೈ ಉರಿಯಿತು. ದೊಡ್ಡ ಬ್ಯಾನರಿನಲ್ಲಿ ನೋಡಿದರೆ ಎಲ್ಲ ಸ್ಪಷ್ಟವಾಗಿಯೇ ಉಂಟು ಎಂದು ದನಿ ಏರಿಸಿದರು. ಬ್ಯಾನರಿನಲ್ಲಿ ಎಲ್ಲ ಲಾಂಛನವೂ ಚೆನ್ನಾಗಿಯೇ ಇರುತ್ತದೆ, ಕುತ್ತು ಬರುವುದು ಚಿಕ್ಕದಾದಾಗ ಎಂದಳು ಅವಳು, ಅದೇ ತಣ್ಣನೆಯ ದನಿಯಲ್ಲಿ. ಒಂದು ಮಿಲಿಮೀಟರಿಗಿಂತ ಸಣ್ಣ ಗೆರೆ ದಾರದಲ್ಲಿ ನಿಲ್ಲುವುದಿಲ್ಲ. ಐದು ಮಿಲಿಮೀಟರಿಗಿಂತ ಚಿಕ್ಕ ಅಕ್ಷರ ಗಂಟಾಗುತ್ತದೆ. ಸಂದು ಕಿರಿದಾದರೆ ದಾರವೂ ರಬ್ಬರ್ ಸ್ಟಾಂಪಿನ ಶಾಯಿಯೂ ಅದನ್ನು ನುಂಗುತ್ತವೆ. ಆದ್ದರಿಂದ ಧ್ಯೇಯವಾಕ್ಯ ದೊಡ್ಡ ಬ್ಯಾನರಿಗಷ್ಟೇ ಇರಲಿ. ಚಿಕ್ಕದರಲ್ಲಿ ಅಕ್ಷರವೇ ಬೇಡ, ಬಣ್ಣ ಒಂದೇ, ಆಕಾರ ಮೂರೇ.

ಆಮೇಲೆ ಎರಡನೆಯ ಚೂರು ಬಟ್ಟೆ ಇಟ್ಟಳು.

ದಪ್ಪ ಅಂಚಿನ ಗುರಾಣಿ. ಅದರ ಕೆಳಭಾಗದಲ್ಲಿ ಅಡ್ಡಕ್ಕೆ ಒಂದು ಗೆರೆ, ಅಂಕಣದ ನಡುಗೆರೆ. ಮೇಲಿನಿಂದ ಚಾಚಿ ಆ ಗೆರೆಯನ್ನು ಮುಟ್ಟುತ್ತಿರುವ ಒಂದು ಕೈ. ಅಷ್ಟೇ. ಹದಿನಾರು ಮಿಲಿಮೀಟರಿನಲ್ಲೂ ಅದು ಕೈಯೇ, ಕೋಣೆಯ ಆ ಕೊನೆಯಿಂದ ನೋಡಿದರೂ ಕೈಯೇ. ಹಿಡಿದವರ ಮುಷ್ಟಿಯಿಂದ ಜಾರಿ, ಮಣ್ಣಿನಲ್ಲಿ ಉದ್ದಕ್ಕೆ ಬಿದ್ದು, ಉಸಿರು ಕಟ್ಟಿ ಗೆರೆ ಮುಟ್ಟುವ ರೈಡರನ ಕೈ ಎಂದು ಅಲ್ಲಿದ್ದ ಹಳೆಯ ಆಟಗಾರರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದಕ್ಕೆ ನಾಲ್ಕು ಬೆರಳಿದ್ದವು.

ಮೋಹನದಾಸರಿಗೆ ಕೂತ ಕುರ್ಚಿಯೇ ಕುಸಿದ ಹಾಗಾಯಿತು. ಮೂವತ್ತನಾಲ್ಕು ವರ್ಷ ಮರ, ದೋಣಿ, ದೀಪಗಳ ಮರೆಯಲ್ಲಿ ಇಟ್ಟದ್ದನ್ನು ಈ ಹುಡುಗಿ ಮರೆಗಳನ್ನೆಲ್ಲ ಕಿತ್ತು ಒಂಟಿಯಾಗಿ ನಿಲ್ಲಿಸಿದ್ದಳು.

ಮೊದಲು ಎಣಿಸಿದವರು ಪುಂಡರೀಕಾಕ್ಷರು. ಇದು ಅಂಗಹೀನ, ಇದಕ್ಕೆ ಪೂಜೆ ಮಾಡಲಿಕ್ಕಾಗುವುದಿಲ್ಲ, ಮುಕ್ಕಾದ ವಿಗ್ರಹವನ್ನು ಯಾರಾದರೂ ಪೀಠದಲ್ಲಿಡುತ್ತಾರೆಯೇ ಎಂದು ತಕರಾರು ತೆಗೆದರು. ಮೋಹನದಾಸರಿಗೆ ಹೋದ ಜೀವ ಬಂತು. ಹೌದು, ಅಪಶಕುನ, ಐದು ಬೆರಳು ಮಾಡಿಸಿ ಎಂದು ಮೇಜು ಕುಟ್ಟಿದರು. ಪ್ರೇಕ್ಷಾ ಚೀಲದಿಂದ ಮೂರನೆಯ ಚೂರನ್ನು ತೆಗೆದಳು. ಅದೇ ಗುರಾಣಿ, ಅದೇ ಗೆರೆ, ಕೈಗೆ ಐದು ಬೆರಳು. ದಾರ ಸಂದುಗಳನ್ನೆಲ್ಲ ಮುಚ್ಚಿ ಕೈ ಮುಷ್ಟಿಯಂತೆ ಮುದ್ದೆಯಾಗಿತ್ತು.

ಲತೀಶ್‌ಗೆ ಕಾರಣ ಬೇಕಾಯಿತು. ಅವಳು ಕಾಗದದ ಮೇಲೆ ಪಟ್ಟಿ ಎಳೆದು ತೋರಿಸಿದಳು. ಈ ಅಳತೆಯಲ್ಲಿ ಕೈಯ ಅಗಲ ಒಂಬತ್ತು ಮಿಲಿಮೀಟರ್. ಬೆರಳು ಐದಾದರೆ ಸಂದು ನಾಲ್ಕು, ಒಟ್ಟು ಒಂಬತ್ತು ಪಟ್ಟಿ, ಒಂದೊಂದಕ್ಕೆ ಒಂದೇ ಮಿಲಿಮೀಟರ್, ಅಷ್ಟು ಸಂದನ್ನು ದಾರ ಮುಚ್ಚಿಬಿಡುತ್ತದೆ. ಬೆರಳು ನಾಲ್ಕಾದರೆ ಒಟ್ಟು ಏಳೇ ಪಟ್ಟಿ, ಉಸಿರಾಡಲು ಜಾಗ ಸಿಗುತ್ತದೆ. ಲೆಕ್ಕ ಸರಿಯಾಗಿತ್ತು. ಸರಿಯಾಗಿದ್ದದ್ದೇ ಮೋಹನದಾಸರಿಗೆ ವಿಷವಾಗಿತ್ತು.

ಕೈಯೇ ಬೇಡ, ದೋಣಿ ಹಾಕಿ ಎಂದರು. ದೋಣಿ ಹಾಕಿದರೆ ಮೀನುಗಾರರ ಸೊಸೈಟಿ ಎಂದುಕೊಳ್ಳುತ್ತಾರೆ ಎಂದು ಲತೀಶ್ ತಲೆಯಾಡಿಸಿದ. ಆಗ ಪ್ರೇಕ್ಷಾ ಮೆಲ್ಲಗೆ ಕೊನೆಯ ಕಾಗದ ಬಿಚ್ಚಿದಳು. ಹಳೆಯ ಲಾಂಛನದ ನಡುಭಾಗವನ್ನು ಹತ್ತುಪಟ್ಟು ದೊಡ್ಡದು ಮಾಡಿದ್ದಳು.

"ನಾಲ್ಕು ನಾನು ಮಾಡಿದ್ದಲ್ಲ. ಇದರಲ್ಲೂ ನಾಲ್ಕೇ ಉಂಟು. ಬಿಡಿಸಿದವರು ನೀವು. ಯಾಕೆ ನಾಲ್ಕು ಅಂತ ನೀವೇ ಹೇಳಿ."

ಎಲ್ಲರೂ ಅವರತ್ತ ತಿರುಗಿದರು. ಸುಳ್ಳು ಹೇಳಲು ಒಂದು ಕ್ಷಣ ಬೇಕಿತ್ತು, ಪುಂಡರೀಕಾಕ್ಷರು ಅಷ್ಟನ್ನೂ ಉಳಿಸಿಕೊಟ್ಟರು. ಮೂಲದಲ್ಲೇ ನಾಲ್ಕು ಇದ್ದರೆ ಅರ್ಥ ಇಟ್ಟೇ ಮಾಡಿದ್ದು, ಧರ್ಮ, ಅರ್ಥ, ಕಾಮ, ಮೋಕ್ಷ, ನಾಲ್ಕು ಪುರುಷಾರ್ಥ, ಅಲ್ಲವಾ ಮೋಹನಣ್ಣ ಎಂದರು. ಹಾಗಿದ್ದರೆ ಅಂಗಹೀನವಾಗುವುದಿಲ್ಲ, ಸಂಕೇತವಾಗುತ್ತದೆ. ಮೋಹನದಾಸರು ಅಳೆದು ತೂಗಿ ಹೌದೆಂದು ತಲೆಯಾಡಿಸಿದರು. ಸಮಿತಿ ಚಪ್ಪಾಳೆ ತಟ್ಟಿತು. ಹೊಸ ಲಾಂಛನ ಒಪ್ಪಿಗೆಯಾಯಿತು, ಮುಂದಿನ ಭಾನುವಾರದ ಮಹಾಸಭೆಯಲ್ಲಿ ಅಧ್ಯಕ್ಷರು ಅರ್ಥವಿವರಣೆ ಓದುವುದೆಂದು ಬರೆದುಕೊಂಡರು. ಪ್ರೇಕ್ಷಾ ಬಟ್ಟೆಚೂರುಗಳನ್ನು ಆಯ್ದುಕೊಂಡು, ಚಹಾ ಮುಟ್ಟದೆ, ಮೆಟ್ಟಿಲಿಳಿದು ಹೋದಳು.

ಗೆದ್ದವನಿಗೆ ನಿದ್ದೆ ಬರಬೇಕಿತ್ತು. ಎರಡು ದಿನ ಮೋಹನದಾಸರಿಗೆ ಗಲ್ಲೆಯಲ್ಲಿ ಕೂರಲಾಗಲಿಲ್ಲ. ಮೂರನೆಯ ಬೆಳಿಗ್ಗೆ ರಿಕ್ಷಾ ಹಿಡಿದು ವರ್ತಕ ನಗರಕ್ಕೆ ಹೋದರು. ಅಂಗಡಿಯಲ್ಲಿ ಆರು ಸೂಜಿಯ ಯಂತ್ರ ಒಂದೇ ಸಮ ಬಡಿದುಕೊಳ್ಳುತ್ತಿತ್ತು, ಬಳಗದ ಜರ್ಸಿಗಳ ಎದೆಯ ಮೇಲೆ ಒಂದಾದ ಮೇಲೊಂದು ನಾಲ್ಕು ಬೆರಳು ಮೂಡುತ್ತಿದ್ದವು. ಪ್ರೇಕ್ಷಾ ಯಂತ್ರ ನಿಲ್ಲಿಸಲಿಲ್ಲ. ಅವರು ಆ ಸದ್ದಿನ ಮೇಲೆ ಕೂಗಿ ಮಾತಾಡಬೇಕಾಯಿತು, ಗುಟ್ಟಿನ ಮಾತನ್ನು.

ಏನು ಬೇಕು ನಿನಗೆ ಎಂದು ಕೇಳಿದರು. ಅವಳಿಗೆ ಏನೂ ಬೇಡವಾಗಿತ್ತು. ನಿನ್ನ ಅಪ್ಪನ ನೆನಪನ್ನು ನಾನೇ ಲಾಂಛನದಲ್ಲಿ ಇಟ್ಟದ್ದು, ನಿನಗದು ಅರ್ಥವಾಗಬೇಕು ಎಂದರು. ಆಗ ಅವಳು ಯಂತ್ರ ನಿಲ್ಲಿಸಿದಳು.

"ಅಪ್ಪನಿಗೆ ಗೊತ್ತಿತ್ತು. ಹಳೇ ಸ್ಮರಣಸಂಚಿಕೆಯಲ್ಲಿ ಭೂತಗನ್ನಡಿ ಇಟ್ಟು ನಂಗೆ ತೋರಿಸಿದ್ರು, ಆಸ್ಪತ್ರೆಯಲ್ಲಿ. ಮೋಹನದಾಸ ಸೇಟ್ ನನ್ನ ಬೆರಳನ್ನ ಇಲ್ಲಿ ಬಚ್ಚಿಟ್ಟಿದ್ದಾರೆ ಅಂದ್ರು. ಸ್ವಿಚ್ ಹಾಕಿದ್ದು ಯಾರು ಅಂತಾನೂ ಆವತ್ತೇ ಹೇಳಿದ್ದು. ನೆನಪಿಡೋದು ಬೇರೆ, ಬಚ್ಚಿಡೋದು ಬೇರೆ ಅಧ್ಯಕ್ಷರೇ."

ಮೋಹನದಾಸರಿಗೆ ಹೆದರಿಕೆ ಸಿಟ್ಟಾಗಿ ಏರಿತು. ನಿನ್ನ ಅಂಗಡಿಗೆ ಬಳಗದ ಒಂದು ಕರ್ಚೀಫೂ ಬರದ ಹಾಗೆ ಮಾಡುತ್ತೇನೆ, ಮೂವತ್ತೈದು ವರ್ಷದ ಹಿಂದಿನ ಮಾತಿಗೆ ಸಾಕ್ಷಿ ಎಲ್ಲುಂಟು ಎಂದು ಬೆದರಿಸಿದರು. ಸಾಕ್ಷಿ ಇಲ್ಲ ಎಂದು ಅವಳು ಒಪ್ಪಿಕೊಂಡಳು. ತಾನು ಸಭೆಯಲ್ಲಿ ಬಾಯಿ ಬಿಡುವುದೂ ಇಲ್ಲ ಎಂದಳು. ನೀವು ಬರೆದದ್ದನ್ನೇ ಓದಿ. ಅಮ್ಮನನ್ನು ಕರೆತರುತ್ತೇನೆ, ಎದುರು ಸಾಲಿನಲ್ಲಿ ಕೂರುತ್ತಾರೆ, ಅವರ ಮುಖ ನೋಡಿ ಓದಿ. ಬೆರಳು ಹೇಗೆ ಹೋಯಿತೆಂದು ನಾನು ಅಮ್ಮನಿಗೆ ಹೇಳಿಲ್ಲ, ಅದು ಹೇಳಬೇಕಾದವರು ನಾನಲ್ಲ. ಇಷ್ಟು ಹೇಳಿ ಮತ್ತೆ ಯಂತ್ರದ ಗುಂಡಿ ಒತ್ತಿದಳು.

ವಾಪಸ್ ಬರುವಾಗ ಮೋಹನದಾಸರು ರಿಕ್ಷಾದಲ್ಲಿ ಅವಳಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದರು. ಸೊಕ್ಕಿನವಳು, ಉಪಕಾರ ಗೊತ್ತಿಲ್ಲದವಳು, ಸತ್ತವನ ಬೆರಳು ಹಿಡಿದುಕೊಂಡು ಬದುಕಿದವರ ಮಾನ ತೆಗೆಯಲು ಹೊರಟವಳು. ಮನೆಗೆ ಹೋಗಿ ಪುರುಷಾರ್ಥದ ವಿವರಣೆಯನ್ನು ಇನ್ನಷ್ಟು ಚಂದ ಮಾಡಿ ಬರೆದರು. ನಾಲ್ಕು ಬೆರಳಿಗೆ ನಾಲ್ಕು ವಾಕ್ಯ.

ಘಣಸೋಲಿಯ ಸಭಾಂಗಣ ಭಾನುವಾರ ತುಂಬಿತ್ತು. ವೇದಿಕೆಯ ಹಿಂದೆ ಹೊಸ ಲಾಂಛನದ ದೊಡ್ಡ ಬ್ಯಾನರು, ಅದಕ್ಕೆ ಮಲ್ಲಿಗೆ ಮಾಲೆ, ಪುಂಡರೀಕಾಕ್ಷರು ಹಚ್ಚಿದ ಕುಂಕುಮ. ಮುಂದೆ ನೆಲದ ಮೇಲೆ ಹೊಸ ಜರ್ಸಿ ತೊಟ್ಟ ಹದಿನಾಲ್ಕು ಮಂದಿ ಆಟಗಾರರು. ಎದುರು ಸಾಲಿನಲ್ಲಿ ಬೂಬನ ಹೆಂಡತಿ ವಿನೋದಾ, ನೀಲಿ ಸೀರೆಯಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದರು. ಬಳಗದ ಸಭೆಗೆ ಅವರನ್ನು ಇಷ್ಟು ವರ್ಷ ಯಾರೂ ಎದುರು ಸಾಲಿಗೆ ಕರೆದಿರಲಿಲ್ಲ. ಅದಕ್ಕೇ ಏನೋ, ಮುಖದಲ್ಲಿ ಸ್ವಲ್ಪ ಸಂತೋಷವೂ ಇತ್ತು. ಪಕ್ಕದಲ್ಲಿ ಪ್ರೇಕ್ಷಾ.

ಮೋಹನದಾಸರು ಕಾಗದ ಬಿಡಿಸಿ ಓದಲು ಶುರು ಮಾಡಿದರು. ಗುರಾಣಿ ಎಂದರೆ ರಕ್ಷಣೆ. ಗೆರೆ ಎಂದರೆ ಗುರಿ. ಕೈ ಎಂದರೆ ಪ್ರಯತ್ನ. ಕೈಯ ನಾಲ್ಕು ಬೆರಳುಗಳು ಎಂದು ಓದಿ ತಲೆ ಎತ್ತಿದರು. ವಿನೋದಾ ಬ್ಯಾನರಿನ ಕೈಯನ್ನು ನೋಡುತ್ತಿದ್ದರು. ತುಟಿ ಮೆಲ್ಲಗೆ ಆಡುತ್ತಿತ್ತು, ಎಣಿಸುತ್ತಿದ್ದಾರೆಂದು ಮೋಹನದಾಸರಿಗೆ ತಿಳಿಯಿತು. ಕಿರುಬೆರಳಿನ ಜಾಗದಲ್ಲಿ ಅವರ ಕಣ್ಣು ನಿಂತಿತು. ಮಲಗುವಾಗ, ಉಣ್ಣುವಾಗ, ಮೈ ಉಜ್ಜುವಾಗ ಆ ಕೈಯನ್ನು ಕಂಡವರು. ಅವರಿಗೆ ಯಾವ ಅಳತೆಯಲ್ಲೂ ಅದು ಗುರುತು ಸಿಗದೆ ಇರುತ್ತಿರಲಿಲ್ಲ. ಅವರು ಬ್ಯಾನರಿನಿಂದ ಕಣ್ಣು ಕಿತ್ತು ಮೋಹನದಾಸರನ್ನು ನೋಡಿದರು, ಕಣ್ಣಲ್ಲಿ ನೀರಿತ್ತು, ಮತ್ತು ನೋಡಲಾಗದಂಥ ಕೃತಜ್ಞತೆ ಇತ್ತು. ತಮ್ಮ ಗಂಡನ ಕೈಯನ್ನು ಬಳಗ ನೆತ್ತಿಯ ಮೇಲಿಟ್ಟುಕೊಂಡಿದೆ ಎಂದು ಅವರು ತಿಳಿದಿದ್ದರು.

ಬೈಗುಳವಾಗಿದ್ದರೆ ಮೋಹನದಾಸರು ತಡೆದುಕೊಳ್ಳುತ್ತಿದ್ದರು. ಇದನ್ನು ತಡೆಯಲಾಗಲಿಲ್ಲ. ಪುಂಡರೀಕಾಕ್ಷರು ಪಕ್ಕದಿಂದ ಧರ್ಮ, ಧರ್ಮ ಎಂದು ಪಿಸುಗುಟ್ಟಿ ಮುಂದಿನ ಪದ ಕೊಟ್ಟರು. ಮೋಹನದಾಸರು ಕಾಗದವನ್ನು ಮಡಚಿದರು.

"ಇದು ಬೂಬನ ಕೈ," ಎಂದರು. "ತೊಂಬತ್ತರಲ್ಲಿ ಗ್ರೈಂಡರಿನಲ್ಲಿ ಬೆರಳು ಹೋಯ್ತು. ಅವ ನಿದ್ದೆಗಣ್ಣಲ್ಲಿ ಕೈ ಹಾಕಿದ್ದಲ್ಲ. ಅವ ನಿಲ್ಲಿಸಿದ್ದ. ಸ್ವಿಚ್ ಹಾಕಿದ್ದು ನಾನು. ಸುಳ್ಳು ಹೇಳಿದ್ದೂ ನಾನು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಲತೀಶ್ ಟಿಪ್ಪಣಿ ಪುಸ್ತಕದ ಮೇಲೆ ಪೆನ್ನು ಹಿಡಿದು ಬರೆಯಬೇಕೋ ಬೇಡವೋ ತಿಳಿಯದೆ ಕೂತ. ಬರಿ ಎಂದರು ಮೋಹನದಾಸರು. ಅವನು ಬರೆದ. ವಾಡಿಕೆಯಂತೆ ಅದರ ಕೆಳಗೆ ಹೊಸ ರಬ್ಬರ್ ಸ್ಟಾಂಪು ಒತ್ತಬೇಕಿತ್ತು, ಮೋಹನದಾಸರು ಒತ್ತಿದರು. ಗುರುತು ಚೊಕ್ಕವಾಗಿ ಬಂತು.

ಅವರು ವೇದಿಕೆ ಇಳಿದು ಎದುರು ಸಾಲಿನ ಹತ್ತಿರ ಹೋದರು. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಪ್ರೇಕ್ಷಾ ಎದ್ದು ಅಡ್ಡ ನಿಂತಳು. ನಿಮಗೆ ಹಗುರವಾಯಿತಲ್ಲ, ಅಷ್ಟು ಸಾಕು, ಇಲ್ಲಿಗೆ ಬರಬೇಡಿ ಎಂದಳು. ವಿನೋದಾ ಮಗಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಕಣ್ಣಿನ ನೀರು ಆರಿತ್ತು, ಮುಖ ಗೋಡೆಯಂತಾಗಿತ್ತು.

"ನಾನೂ ನಂಬಿದ್ದೆ ಸೇಟ್," ಎಂದರು. "ಒಂದು ಲೋಟ ಬಿದ್ದು ಒಡೆದರೂ ಹೇಳ್ತಿದ್ದೆ ಅವರಿಗೆ, ನಿದ್ದೆಗಣ್ಣಲ್ಲಿ ಬೆರಳು ಕಳಕೊಂಡವರು, ನಿಮ್ಮಿಂದ ಇನ್ನೇನು ಆದೀತು ಅಂತ. ಸಾಯುವ ಹಿಂದಿನ ದಿನವೂ ಹೇಳಿದ್ದೇನೆ. ಅವರು ನಕ್ಕು ಸುಮ್ಮನಾದರು."